'ಶುದ್ಧ ಕ್ಲಾಸ್ ಎ' ಎಂದು ಮಾರುವ ತಣ್ಣನೆಯ ಆಂಪ್ಲಿಫೈಯರ್‌ಗಳ ಬಗ್ಗೆ ಎಚ್ಚರಿಕೆ

ಕೈಯಿಂದ ಜೋಡಿಸಿದ ಕ್ಲಾಸ್ ಎ ಆಂಪ್ಲಿಫೈಯರ್ ಎಂದು ಯಾರಾದರೂ ದುಬಾರಿ ಬೆಲೆ ಹೇಳಿದರೆ, ಹಣ ಕೊಡುವ ಮೊದಲು ಹಾಡು ನಿಲ್ಲಿಸಿ, ಅರ್ಧ ಗಂಟೆ ಸುಮ್ಮನೆ ಆನ್ ಮಾಡಿಟ್ಟು, ಶಾಖವನ್ನು ಗಾಳಿಗೆ ಬಿಡುವ ಅದರ ಲೋಹದ ರೆಕ್ಕೆಗಳನ್ನು, ಅಂದರೆ ಹೀಟ್‌ಸಿಂಕ್ ಅನ್ನು, ಮುಟ್ಟಿ ನೋಡಿ. ತಣ್ಣಗಿದ್ದರೆ ಎದ್ದು ಬನ್ನಿ. ಬೆಂಗಳೂರಿನ ಒಬ್ಬ ಜೋಡಣೆಗಾರರಿಂದ ಸಾಮಾನ್ಯ ಆಂಪ್ಲಿಫೈಯರಿನ ಮೂರು ಪಟ್ಟು ಬೆಲೆಗೆ ನಾನು ಕೊಂಡ ಪೆಟ್ಟಿಗೆಯ ಮೇಲೆ 'ಶುದ್ಧ ಕ್ಲಾಸ್ ಎ, ಚಾನೆಲ್‌ಗೆ 50 ವ್ಯಾಟ್, 8 ಓಮ್' ಎಂದು ಕೆತ್ತಿಸಲಾಗಿದೆ. ಆ ಸಾಲಿನಲ್ಲಿ ಓಮ್ ಒಂದನ್ನು ಬಿಟ್ಟರೆ ನಂಬುವಂಥದ್ದು ಹೆಚ್ಚೇನೂ ಇಲ್ಲ.

ಅನುಮಾನ ಬಂದದ್ದು ಶಾಖದಿಂದಲೇ. ಜೋರಾಗಿ ಹಾಡು ಹಾಕಿದಾಗ ಪೆಟ್ಟಿಗೆ ಬೆಚ್ಚಗಾಗುತ್ತಿತ್ತು, ನಿಲ್ಲಿಸಿದರೆ ತಣ್ಣಗಾಗುತ್ತಿತ್ತು. ನಿಜವಾದ ಕ್ಲಾಸ್ ಎ ನಡೆದುಕೊಳ್ಳುವುದು ಇದಕ್ಕೆ ನೇರ ವಿರುದ್ಧವಾಗಿ. ಅದರಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಎಂದೂ ಪೂರ್ತಿ ಆಫ್ ಆಗುವುದಿಲ್ಲ. ಹಾಡಿರಲಿ, ಇಲ್ಲದಿರಲಿ, ವಿದ್ಯುತ್ ಹರಿಯುತ್ತಲೇ ಇರುತ್ತದೆ, ಹಾಡಿಲ್ಲದಾಗ ಅದೆಲ್ಲವೂ ಶಾಖವಾಗುತ್ತದೆ.

ಲೆಕ್ಕವನ್ನು ಇಲ್ಲೇ ಹಾಕುತ್ತೇನೆ. 8 ಓಮ್ ಸ್ಪೀಕರಿಗೆ 50 ವ್ಯಾಟ್ ಕೊಡಲು ಗರಿಷ್ಠ 3.54 ಆಂಪಿಯರ್ ಬೇಕು. ಎರಡು ಬದಿಯ ಟ್ರಾನ್ಸಿಸ್ಟರ್‌ಗಳು ಜೊತೆಯಾಗಿ ದುಡಿಯುವ ಪುಷ್-ಪುಲ್ ರಚನೆಯಲ್ಲಿ ಇದರ ಅರ್ಧ, ಅಂದರೆ ಸುಮಾರು 1.77 ಆಂಪಿಯರ್, ಮೌನದಲ್ಲೂ ಹರಿಯುತ್ತಿರಬೇಕು. ಪ್ಲಸ್ 32 ಮತ್ತು ಮೈನಸ್ 32 ವೋಲ್ಟ್ ಸರಬರಾಜಿನಲ್ಲಿ ಅದು ಒಂದು ಚಾನೆಲ್ಲಿಗೆ 113 ವ್ಯಾಟ್, ಎರಡಕ್ಕೆ 226 ವ್ಯಾಟ್. ಪೂರ್ಣ ಧ್ವನಿಯಲ್ಲಿ ಆ 113ರಲ್ಲಿ 50 ಸ್ಪೀಕರಿಗೆ ಹೋಗಿ 63 ಮಾತ್ರ ಶಾಖವಾಗಿ ಉಳಿಯುವುದರಿಂದ, ಹಾಡುವಾಗ ಅದು ಸ್ವಲ್ಪ ತಂಪಾಗಬೇಕು.

ನನ್ನ ಪೆಟ್ಟಿಗೆಯನ್ನು ವ್ಯಾಟ್ ಮೀಟರಿಗೆ ಸಿಕ್ಕಿಸಿ, ವಾಲ್ಯೂಮ್ ಸೊನ್ನೆಗೆ ಇಳಿಸಿ ನೋಡಿದೆ. 18 ವ್ಯಾಟ್. ಇನ್ನೂರಿಪ್ಪತ್ತಾರನ್ನು ದಾಟಬೇಕಾದ ಕಡೆ ಹದಿನೆಂಟು! ರಿಪೇರಿ ಬಲ್ಲ ಗೆಳೆಯರು ಮುಚ್ಚಳ ತೆಗೆದು, 0.33 ಓಮ್‌ನ ಎಮಿಟರ್ ರೆಸಿಸ್ಟರಿನ ಎರಡು ತುದಿಗಳ ನಡುವೆ ಅಳೆದಾಗ ಸಿಕ್ಕಿದ್ದು 13 ಮಿಲಿವೋಲ್ಟ್, ಅಂದರೆ ಸುಮಾರು 40 ಮಿಲಿಆಂಪಿಯರ್. ಮೌನದಲ್ಲಿ ಹರಿಯುವ ಆ ವಿದ್ಯುತ್ತಿನಲ್ಲಿ, ಅಂದರೆ ಆ ಬಯಾಸಿನಲ್ಲಿ, ಅದು ಕ್ಲಾಸ್ ಎ ಆಗಿ ಉಳಿಯುವುದು ಒಂದು ವ್ಯಾಟಿನ ನಲವತ್ತನೆಯ ಒಂದು ಭಾಗದವರೆಗೆ ಮಾತ್ರ. ಅದರಾಚೆಗೆ ಒಂದು ಬದಿ ದುಡಿಯುವಾಗ ಇನ್ನೊಂದು ಬದಿ ಮಲಗಿರುತ್ತದೆ. ಇದು ಪ್ರತಿ ಬಡಾವಣೆಯ ಅಂಗಡಿಯಲ್ಲೂ ಸಿಗುವ ಕ್ಲಾಸ್ ಎಬಿ. ಆ ಅಂಕಿಯನ್ನು ನೋಡುತ್ತ ಕುಳಿತಾಗ, ಮನೆಗೆ ಬಂದವರಿಗೆಲ್ಲ ನಾನೇ ಇದನ್ನು ಹೊಗಳಿ ತೋರಿಸಿದ್ದು ನೆನಪಾಗಿ ಮುಖ ಬಿಸಿಯಾಯಿತು.

ಜೋಡಣೆಗಾರರಿಗೆ ಫೋನ್ ಮಾಡಿದರೆ ಬಂದ ಮೊದಲ ಉತ್ತರ: "ಸರ್, ನಮ್ಮ ಹೀಟ್‌ಸಿಂಕ್ ಒಳ್ಳೇದು, ಅದಕ್ಕೇ ಬಿಸಿ ಗೊತ್ತಾಗಲ್ಲ." ಹೀಟ್‌ಸಿಂಕ್ ಎಷ್ಟೇ ಒಳ್ಳೆಯದಿದ್ದರೂ ಮೀಟರ್ ತೋರಿಸುವ ವ್ಯಾಟ್ ಕಡಿಮೆಯಾಗುವುದಿಲ್ಲ, ಅದು ಶಾಖವನ್ನು ಗಾಳಿಗೆ ಸಾಗಿಸುತ್ತದೆ ಅಷ್ಟೆ, ಎಂದೆ. ಎರಡನೆಯ ಉತ್ತರ: "ಇದು ಹಾಡು ಬಂದಾಗ ಮಾತ್ರ ಕ್ಲಾಸ್ ಎ ಆಗುತ್ತೆ ಸರ್." ಮೌನದಲ್ಲಿ 40 ಮಿಲಿಆಂಪಿಯರ್ ಹರಿಸಿಕೊಂಡು, ಹಾಡು ಬಂದಾಗ ಒಂದು ಬದಿಯನ್ನು ಆಫ್ ಮಾಡುವ ಸರ್ಕ್ಯೂಟಿನ ಬಗ್ಗೆ ಈ ಮಾತು! ಮೂರನೆಯದು ನನ್ನನ್ನು ಕೆರಳಿಸಿತು: "ಮೀಟರ್ ಬಿಡಿ, ಕಿವಿಯಲ್ಲಿ ಕೇಳಿ. ಬಿಸಿನೇ ಬೇಕು ಅಂದ್ರೆ ತಂದುಕೊಡಿ, ಒಂದು ಪ್ರಿಸೆಟ್ ತಿರುಗಿಸಿ ಕೊಡ್ತೀನಿ."

ಪ್ರಿಸೆಟ್ ಅಂದರೆ ಆ ಬಯಾಸನ್ನು ಹೆಚ್ಚು-ಕಡಿಮೆ ಮಾಡುವ ಪುಟ್ಟ ತಿರುಗಣೆ. ಅದನ್ನು ತಿರುಗಿಸಿ ಬಿಸಿ ಏರಿಸುವುದಕ್ಕೆ ಮಾತ್ರ ಯಾರೂ ಒಪ್ಪಬೇಡಿ. ಇದೇ ಸರಬರಾಜಿನಲ್ಲಿ ಮೌನದಲ್ಲಿ ಬಹುತೇಕ ಆಫ್ ಆಗಿರುವ ಆಂಪ್ಲಿಫೈಯರ್ ಹಾಡುವಾಗ ಸೂಸುವ ಅತಿ ಹೆಚ್ಚಿನ ಶಾಖ ಚಾನೆಲ್ಲಿಗೆ ಸುಮಾರು 26 ವ್ಯಾಟ್, ಮತ್ತು ಅವರು ಹಾಕಿರುವ ಹೀಟ್‌ಸಿಂಕ್ ಅಷ್ಟಕ್ಕೇ ಸರಿ. ಒಂದು ವ್ಯಾಟಿಗೆ ಒಂದು ಡಿಗ್ರಿ ಏರುವ ಅಂಥದ್ದರ ಮೇಲೆ 113 ವ್ಯಾಟ್ ಹೇರಿದರೆ, ಅದು ಕೋಣೆಗಿಂತ ನೂರು ಡಿಗ್ರಿಗೂ ಹೆಚ್ಚು ಬಿಸಿಯಾಗಬೇಕಾಗುತ್ತದೆ. ಟ್ರಾನ್ಸಿಸ್ಟರ್ ಬಿಸಿಯಾದಂತೆ ಅದನ್ನು ಆನ್ ಮಾಡಲು ಬೇಕಾದ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ವಿದ್ಯುತ್ ಮತ್ತೂ ಹೆಚ್ಚುತ್ತದೆ, ಶಾಖವೂ ಹೆಚ್ಚುತ್ತದೆ. ಬಯಾಸ್ ಸರ್ಕ್ಯೂಟ್ ಇದನ್ನು ಸಮಯಕ್ಕೆ ತಡೆಯದಿದ್ದರೆ ಟ್ರಾನ್ಸಿಸ್ಟರ್ ಸುಟ್ಟು, ಜೊತೆಗೆ ಸ್ಪೀಕರೂ ಹೋಗಬಹುದು. ಕ್ಲಾಸ್ ಎ ಮಾಡುವವರು ಹೀಟ್‌ಸಿಂಕನ್ನೂ ಟ್ರಾನ್ಸ್‌ಫಾರ್ಮರನ್ನೂ ಮೊದಲೇ ಅದಕ್ಕೆ ತಕ್ಕಂತೆ ಹಾಕಿರುತ್ತಾರೆ. ಆ ಪೆಟ್ಟಿಗೆಯನ್ನು ಎತ್ತಿದರೇ ಭಾರ ತಿಳಿಯುತ್ತದೆ.

ಕ್ಲಾಸ್ ಎಬಿ ಕೆಟ್ಟದ್ದಲ್ಲ, ಸೆಕೆಯ ಮನೆಗೆ ಅದೇ ಮೇಲು. ಆದರೆ ಅದನ್ನು ಅದರದೇ ಬೆಲೆಗೆ ಮಾರಬೇಕು. ಕೊಳ್ಳುವಾಗ ಒಂದು ವ್ಯಾಟ್ ಮೀಟರ್ ಒಯ್ಯಿರಿ, ಮೌನದಲ್ಲಿ ಎಷ್ಟು ವ್ಯಾಟ್ ಎಳೆಯುತ್ತದೆ ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಮುಚ್ಚಳವನ್ನು ಬಲ್ಲವರಲ್ಲದೆ ಯಾರೂ ತೆಗೆಯಬೇಡಿ, ಒಳಗಿನ ದೊಡ್ಡ ಕೆಪಾಸಿಟರ್‌ಗಳು ಸ್ವಿಚ್ ಆರಿಸಿದ ಮೇಲೂ ಚಾರ್ಜ್ ಹಿಡಿದಿರುತ್ತವೆ. ನನ್ನ ಹಣ ಇನ್ನೂ ವಾಪಸ್ ಬಂದಿಲ್ಲ, ಈಗ ಅವರು ಫೋನನ್ನೂ ಎತ್ತುತ್ತಿಲ್ಲ.