ಕತ್ತಲಾದರೆ ಸಾಕು, ಗೇಟಿನ ಕ್ಯಾಮೆರಾ ಸತ್ತಂತೆ

ಅಡಿಕೆ ತೋಟಕ್ಕೆ ಏಳು ಕ್ಯಾಮೆರಾ ಹಾಕಿಸಿ ಮೋಸಹೋದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ತೂ ಹೋಗುವ ಪಿಒಇ ವ್ಯವಸ್ಥೆ ಅದು.

ಹಗಲಿನಲ್ಲಿ ಎಲ್ಲವೂ ಸರಿ. ಸಂಜೆ ಏಳಾಗುತ್ತಲೇ ಗೇಟಿನ ತಿರುಗುವ ಕ್ಯಾಮೆರಾ ಆರಿಹೋಗುತ್ತಿತ್ತು, ಎರಡು ನಿಮಿಷಕ್ಕೆ ಮತ್ತೆ ಹತ್ತುತ್ತಿತ್ತು, ಮತ್ತೆ ಆರುತ್ತಿತ್ತು. ರಾತ್ರಿಯಿಡೀ ಇದೇ. ಅಳವಡಿಸಿದವರಿಗೆ ಫೋನು ಮಾಡಿದೆ. "ಹಳ್ಳಿಯ ಕರೆಂಟ್ ಸರ್, ವೋಲ್ಟೇಜ್ ಏರಿಳಿತ" ಎಂದರು. ಅವರ ಮಾತು ನಂಬಿ ಯುಪಿಎಸ್ ಕೊಂಡೆ. ಏನೂ ಬದಲಾಗಲಿಲ್ಲ. ಮತ್ತೆ ಕೇಳಿದರೆ "ಕ್ಯಾಮೆರಾ ಕಂಪನಿಯ ದೋಷ ಸರ್".

ಕೊನೆಗೆ ನಾನೇ, ಎಲ್ಲ ಕ್ಯಾಮೆರಾಗಳ ಕೇಬಲ್ ಬಂದು ಸೇರುವ ಮತ್ತು ಅವಕ್ಕೆ ವಿದ್ಯುತ್ ಕೊಡುವ ನೆಟ್‌ವರ್ಕ್ ಸ್ವಿಚ್ಚನ್ನು ಬಿಚ್ಚಿ ತಿರುಗಿಸಿ ನೋಡಿದೆ. ಮುಂದೆ ದಪ್ಪಕ್ಷರದಲ್ಲಿ ಒಂದು ಪೋರ್ಟಿಗೆ 30 ವ್ಯಾಟ್ ಎಂದಿದೆ. ತಳದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ: ಒಟ್ಟು 60 ವ್ಯಾಟ್. ಎಂಟು ಪೋರ್ಟಿಗೂ ಸೇರಿ ಅರವತ್ತೇ! ಹಗಲಿನಲ್ಲಿ ಆರು ಕ್ಯಾಮೆರಾಗಳಿಗೆ ತಲಾ 4, ಗೇಟಿನದಕ್ಕೆ 10, ಒಟ್ಟು 34. ಕತ್ತಲಾಗಿ ಇನ್‌ಫ್ರಾರೆಡ್ ದೀಪ ಹತ್ತಿದರೆ ಆರಕ್ಕೆ ತಲಾ 8, ಗೇಟಿನದಕ್ಕೆ 20, ಒಟ್ಟು 68. ಹೊರೆ ಮೀರಿದಾಗ ಸ್ವಿಚ್ಚು ಒಂದು ಪೋರ್ಟನ್ನು ಕೈಬಿಡುತ್ತದೆ. ನನ್ನಲ್ಲಿ ಅದು ಕೊನೆಯ ಪೋರ್ಟಿನ ಗೇಟು. ಕ್ಯಾಮೆರಾದ ಪೆಟ್ಟಿಗೆಯ ಮೇಲೆ ಬರೆದಿದ್ದ ಅಂಕಿಗಳನ್ನು ಕೂಡಲು ಅವರಿಗೆ ಐದು ನಿಮಿಷ ಸಾಕಿತ್ತು.

ಎರಡು ಕ್ಯಾಮೆರಾ ಕಿತ್ತಿಟ್ಟ ಮೇಲೆ ಗೇಟಿನದು ಆರುವುದು ನಿಂತಿತು, ಆದರೆ ಚಿತ್ರ ಮಾತ್ರ ನಿಂತು ನಿಂತು ಬರುತ್ತಿತ್ತು. ಇದು ಬೇರೆಯೇ ರೋಗ. ಕೇಬಲ್ಲಿನ ಹೊದಿಕೆಯ ಮೇಲೆ ಮೀಟರ್ ಲೆಕ್ಕ ಅಚ್ಚಾಗಿರುತ್ತದೆ. ಮನೆಯ ತುದಿಯಲ್ಲಿ 021, ಗೇಟಿನಲ್ಲಿ 159. ಅಂದರೆ 138 ಮೀಟರ್. ಮಿತಿ 100! ಕೇಳಿದ್ದಕ್ಕೆ ಬಂದ ಉತ್ತರ: "250 ಮೀಟರ್ ಓಡುತ್ತದೆ ಸರ್, ಅದಕ್ಕೇ ಸ್ವಿಚ್ಚಿನಲ್ಲಿ ಗುಂಡಿ ಇದೆ." ಆ ಗುಂಡಿ ಒತ್ತಿದರೆ ವೇಗ 100ರಿಂದ 10 ಎಂಬಿಪಿಎಸ್‌ಗೆ ಇಳಿಯುತ್ತದೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಹೇಳಲೇ ಇಲ್ಲ.

ಇಷ್ಟು ಸಾಲದೆಂಬಂತೆ ತಂತಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗಿತ್ತು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಬಿಲ್ಲು ಮಾತ್ರ ಶುದ್ಧ ತಾಮ್ರದ್ದು. ಅಲ್ಯೂಮಿನಿಯಂ ತಂತಿಯಲ್ಲಿ ವಿದ್ಯುತ್ ಹೆಚ್ಚು ಸೋರುತ್ತದೆ, ಆ ಸೋರಿಕೆಯೂ ಅದೇ ಅರವತ್ತರಿಂದಲೇ ಕಳೆಯುತ್ತದೆ. ತಂತಿ ತೋರಿಸಿದಾಗ ಅವರು ಅಂದದ್ದು: "ಎಲ್ಲರೂ ಇದನ್ನೇ ಹಾಕುತ್ತಾರೆ ಸರ್, ನೀವೊಬ್ಬರೇ ಕೆರೆದು ನೋಡುವುದು." ಹೌದು, ಕೆರೆದು ನೋಡಿದೆ. ನೀವೂ ಹಣ ಕೊಡುವ ಮೊದಲೇ ಕೆರೆದು ನೋಡಿ.

ಸ್ವಿಚ್ಚಿನ ಒಟ್ಟು ವ್ಯಾಟನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ರಾತ್ರಿಯ ಲೆಕ್ಕ ಹಾಕಿಸಿ, ಕತ್ತಲಾದ ಮೇಲೆ ಎಲ್ಲ ಕ್ಯಾಮೆರಾ ನಡೆಸಿ ತೋರಿಸುವವರೆಗೆ ಬಾಕಿ ಹಣ ಕೊಡಬೇಡಿ. ನಾನು ಮೊದಲ ದಿನ ಮಧ್ಯಾಹ್ನವೇ ಪೂರ್ತಿ ಕೊಟ್ಟುಬಿಟ್ಟಿದ್ದೆ.

ಈಗ 120 ವ್ಯಾಟಿನ ಸ್ವಿಚ್ಚು ತಂದಿದ್ದೇನೆ. 80 ಮೀಟರ್ ದೂರದ ಪಂಪ್‌ಮನೆಯಲ್ಲಿ ಕರೆಂಟ್ ಇರುವುದರಿಂದ ಅಲ್ಲೊಂದು ಚಿಕ್ಕ ಪಿಒಇ ಸ್ವಿಚ್ಚು ಇಟ್ಟು, ಅಲ್ಲಿಂದ ಗೇಟಿಗೆ ತಾಮ್ರದ ಕೇಬಲ್ ಎಳೆಸಿದ್ದೇನೆ. ಹಳೆಯ ಕೇಬಲ್ ಇನ್ನೂ ಕಾಲುವೆಯ ಪಕ್ಕದಲ್ಲೇ ಹೂತಿದೆ. ಬಂದು ಕಿತ್ತುಕೊಂಡು ಹೋಗಿ ಎಂದರೆ ಅವರು ಫೋನು ಎತ್ತುತ್ತಿಲ್ಲ.