ಆರ್‌ಒಇ ಎರಡರದ್ದೂ 20%: ಯಾವ ಷೇರು ಕೊಳ್ಳಬೇಕು?

ಎರಡು ಕಾಲ್ಪನಿಕ ಕಂಪನಿಗಳನ್ನು ತೆಗೆದುಕೊಳ್ಳೋಣ. ಎರಡರ ವಾರ್ಷಿಕ ಮಾರಾಟವೂ 900 ಕೋಟಿ. ಷೇರುದಾರರ ಬಂಡವಾಳದ ಮೇಲಿನ ಗಳಿಕೆ, ಅಂದರೆ ಆರ್‌ಒಇ, ಎರಡರಲ್ಲೂ 20%. ಡುಪಾಂಟ್ ಸೂತ್ರ ಅದನ್ನು ಮಾರ್ಜಿನ್, ಆಸ್ತಿ ವಹಿವಾಟು, ಲಿವರೇಜ್ ಎಂದು ಮೂರು ಭಾಗ ಮಾಡುತ್ತದೆ:

ಆರ್‌ಒಇ = (ನಿವ್ವಳ ಲಾಭ ÷ ಮಾರಾಟ) × (ಮಾರಾಟ ÷ ಒಟ್ಟು ಆಸ್ತಿ) × (ಒಟ್ಟು ಆಸ್ತಿ ÷ ಷೇರುದಾರರ ಬಂಡವಾಳ)

| | ಮೊದಲನೆಯದು | ಎರಡನೆಯದು |
|---|---|---|
| ಲಾಭ (ಕೋಟಿ) | 90 | 36 |
| ಆಸ್ತಿ (ಕೋಟಿ) | 600 | 720 |
| ಬಂಡವಾಳ (ಕೋಟಿ) | 450 | 180 |
| ಮಾರ್ಜಿನ್ | 10% | 4% |
| ಆಸ್ತಿ ವಹಿವಾಟು | 1.5 | 1.25 |
| ಲಿವರೇಜ್ | 1.33 | 4 |

ಮೊದಲನೆಯದು ವ್ಯಾಪಾರದಿಂದ ಗಳಿಸುತ್ತಿದೆ. ಎರಡನೆಯದರ 720 ಕೋಟಿ ಆಸ್ತಿಯಲ್ಲಿ 540 ಕೋಟಿ ಬೇರೆಯವರ ಹಣ. ಕಚ್ಚಾ ಮಾಲು ತುಟ್ಟಿಯಾಗಿ ಎರಡರ ಮಾರ್ಜಿನ್ನೂ ಒಂದೊಂದು ಶೇಕಡಾ ಅಂಶ ಇಳಿದರೆ, ಮೊದಲನೆಯದರ ಆರ್‌ಒಇ 18%ಕ್ಕೆ ನಿಲ್ಲುತ್ತದೆ, ಎರಡನೆಯದು 15%ಕ್ಕೆ ಕುಸಿಯುತ್ತದೆ. ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ.

ಒಂದು ಎಚ್ಚರಿಕೆ: ಲಿವರೇಜ್ 4 ಎಂದ ಮಾತ್ರಕ್ಕೆ ಅಷ್ಟೂ ಬಡ್ಡಿ ಸಾಲವಲ್ಲ. ಸರಕು ಪೂರೈಸಿದವರಿಗೆ ಕೊಡಬೇಕಾದ ಬಾಕಿಯೂ ಅದರಲ್ಲಿ ಸೇರಿರುತ್ತದೆ, ಹಾಗಾಗಿ ಬ್ಯಾಲೆನ್ಸ್ ಶೀಟಿನಲ್ಲಿ ಸಾಲವನ್ನು ಬೇರೆಯಾಗಿ ನೋಡಿ. ಹಳೆಯ ನಷ್ಟ ಅಥವಾ ಷೇರು ಮರುಖರೀದಿಯಿಂದ ಬಂಡವಾಳ ಕರಗಿದ್ದರೂ ಆರ್‌ಒಇ ಏರುತ್ತದೆ. ಆಗ ಮೂರನೇ ಭಾಗವೂ ಏರಿರುತ್ತದೆ. ಬ್ಯಾಂಕನ್ನು ಮಾತ್ರ ಕಾರ್ಖಾನೆಯ ಪಕ್ಕ ಇಡಬೇಡಿ, ಠೇವಣಿಯೇ ಅದರ ಕಚ್ಚಾ ಮಾಲು, ಹಾಗಾಗಿ ಅದರ ಲಿವರೇಜ್ ಸಹಜವಾಗಿಯೇ ಹೆಚ್ಚು.