ಹಳೆಯ ಕ್ರೆಡಿಟ್ ಕಾರ್ಡು: ಮುಚ್ಚುವುದೇ, ಹಾಗೆಯೇ ಇಟ್ಟುಕೊಳ್ಳುವುದೇ, ಬದಲಾಯಿಸುವುದೇ?

ಬಳಕೆಯಲ್ಲಿಲ್ಲದ ಹಳೆಯ ಕ್ರೆಡಿಟ್ ಕಾರ್ಡನ್ನು ಮುಚ್ಚದೆ, ಅದೇ ಬ್ಯಾಂಕಿನ ವಾರ್ಷಿಕ ಶುಲ್ಕವಿಲ್ಲದ ಕಾರ್ಡಿಗೆ ಬದಲಾಯಿಸಿಕೊಳ್ಳುವುದೇ ಒಳ್ಳೆಯದು ಎಂಬುದು ನನ್ನ ಪಕ್ಷ. ನಮ್ಮ ಮನೆಯಲ್ಲಿ ಮೂರು ದಾರಿಗಳೂ ಪ್ರಯೋಗವಾಗಿವೆ. ಮಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಕಾಲಕ್ಕೆ ಭಾವ, ಅಕ್ಕ ಮತ್ತು ನಾನು ಒಂದೊಂದು ಕಾರ್ಡು ಮಾಡಿಸಿದ್ದೆವು. ಊರಿಗೆ, ಅಂದರೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಗೆ, ಮರಳಿ ತೋಟ ನೋಡಿಕೊಳ್ಳಲು ತೊಡಗಿದ ಮೇಲೆ ಮೂವರಿಗೂ ಬೇರೆ ಬ್ಯಾಂಕಿನ ಹೊಸ ಕಾರ್ಡು ಬಂದು, ಹಳೆಯದು ಕಪಾಟು ಸೇರಿತು. ಭಾವ ಅದನ್ನು ಮುಚ್ಚಿಸಿದರು, ಅಕ್ಕ ಶುಲ್ಕ ಕಟ್ಟುತ್ತಾ ಇಟ್ಟುಕೊಂಡಳು, ನಾನು ಬದಲಾಯಿಸಿಕೊಂಡೆ.

ಭಾವನವರ ಲೆಕ್ಕವನ್ನೇ ಮೊದಲು ನೋಡಬೇಕು, ಏಕೆಂದರೆ ವಿಷಯದ ತಿರುಳು ಅಲ್ಲಿದೆ. ಅವರ ಹಳೆಯ ಕಾರ್ಡಿನ ಮಿತಿ ₹1,20,000, ಹೊಸದರ ಮಿತಿ ₹60,000; ಒಟ್ಟು ₹1,80,000. ಗೊಬ್ಬರ, ದಿನಸಿ, ಮಕ್ಕಳ ಕಾಲೇಜು ಎಂದು ಹೊಸ ಕಾರ್ಡಿನಲ್ಲಿ ತಿಂಗಳಿಗೆ ಸುಮಾರು ₹27,000 ಖರ್ಚಾಗುತ್ತಿತ್ತು. ಇರುವ ಒಟ್ಟು ಮಿತಿಯಲ್ಲಿ ಎಷ್ಟು ಪಾಲು ಬಳಕೆಯಾಗಿದೆ ಎಂಬುದೇ ಕ್ರೆಡಿಟ್ ಯುಟಿಲೈಸೇಶನ್ ಅನುಪಾತ. ಎರಡು ಕಾರ್ಡುಗಳಿದ್ದಾಗ ಅದು ಶೇಕಡಾ 15. ಹಳೆಯದನ್ನು ಮುಚ್ಚಿದ ಮೇಲೆ ಖರ್ಚು ಒಂದು ರೂಪಾಯಿಯೂ ಹೆಚ್ಚದೆ, ಮಿತಿ ₹60,000ಕ್ಕೆ ಇಳಿದದ್ದರಿಂದಲೇ, ಅನುಪಾತ ಶೇಕಡಾ 45 ಆಯಿತು. ಇದು ಶೇಕಡಾ 30ರೊಳಗೆ ಇರಲಿ ಎಂದು ಬ್ಯಾಂಕಿನವರು ಹೇಳುವುದುಂಟು. ಅದು ರೂಢಿಯ ಮಾತೇ ಹೊರತು, ಗೆರೆ ದಾಟಿದೊಡನೆ ಸಿಬಿಲ್ ಸ್ಕೋರು, ಅಂದರೆ ಸಾಲ ತೀರಿಸುವ ನಮ್ಮ ನಡತೆಗೆ ಸಿಗುವ ಅಂಕ, ಧುಮುಕುತ್ತದೆ ಎಂಬ ನಿಯಮವಲ್ಲ. ಆದರೂ ಮನೆ ವಿಸ್ತರಣೆಯ ಸಾಲಕ್ಕೆ ಅರ್ಜಿ ಹಾಕುವ ಹೊತ್ತಿಗೆ ಅವರ ಸಿಬಿಲ್ ಸ್ಕೋರು ಮೂವತ್ತರ ಆಸುಪಾಸಿನಷ್ಟು ಅಂಕ ಕೆಳಗಿಳಿದಿತ್ತು.

'ನಾನು ಪ್ರತಿ ತಿಂಗಳೂ ಬಿಲ್ಲನ್ನು ಪೂರ್ತಿ ಕಟ್ಟುವವನು, ಬಡ್ಡಿಯ ಮುಖವನ್ನೇ ಕಂಡಿಲ್ಲ, ಹಾಗಿರುವಾಗ ಬಳಕೆ ಎಲ್ಲಿಂದ ಬಂತು?' ಎಂಬುದು ಭಾವನವರ ತಕರಾರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬ್ಯಾಂಕು ಸಾಲದ ದಾಖಲೆ ಇಟ್ಟು ವರದಿ ಕೊಡುವ ಸಿಬಿಲ್‌ನಂತಹ ಸಂಸ್ಥೆಗಳಿಗೆ ಕಳುಹಿಸುವುದು ಒಂದು ನಿರ್ದಿಷ್ಟ ದಿನದಂದು ಕಾರ್ಡಿನಲ್ಲಿ ಉಳಿದಿರುವ ಬಾಕಿಯನ್ನು. ಆ ಬಾಕಿಯನ್ನು ಮುಂದಿನ ವಾರ ಪೂರ್ತಿ ತೀರಿಸಿದರೂ, ವರದಿಯಲ್ಲಿ ಅಂದು ಕಂಡದ್ದು ₹27,000ವೇ. 2025ರ ಜನವರಿಯಿಂದ ಈ ಮಾಹಿತಿ ಹದಿನೈದು ದಿನಗಳಿಗೊಮ್ಮೆ ಹೋಗಬೇಕೆಂದು ರಿಸರ್ವ್ ಬ್ಯಾಂಕು ನಿಯಮ ಮಾಡಿತು; ತಿಂಗಳ 15ನೇ ತಾರೀಕು ಮತ್ತು ಕೊನೆಯ ದಿನ ಆಗ ಅದಕ್ಕೆ ಆಧಾರವಾಗಿದ್ದವು. ಇದನ್ನು ತಿಳಿದ ಮೇಲೆ ಭಾವ ಬಿಲ್ಲು ಬರುವುದನ್ನು ಕಾಯದೆ ನಡುವೆಯೇ ದೊಡ್ಡ ಮೊತ್ತವನ್ನು ಕಟ್ಟತೊಡಗಿದರು. ಅನುಪಾತ ಇಳಿಯಿತು, ಕೆಲವು ತಿಂಗಳಲ್ಲಿ ಅಂಕವೂ ಚೇತರಿಸಿಕೊಂಡಿತು. ತಡವಾಗಿ ಕಟ್ಟಿದ ಕಂತಿನ ಕಲೆ ವರ್ಷಗಟ್ಟಲೆ ಉಳಿಯುತ್ತದೆ. ಬಳಕೆಯ ಅನುಪಾತ ಹಾಗಲ್ಲ, ಇಂದಿನ ಬಾಕಿ ಇಳಿದರೆ ಅದೂ ಇಳಿಯುತ್ತದೆ.

ಕಾರ್ಡು ಮುಚ್ಚಿದರೆ ಅದರ ಹಳೆಯ ಇತಿಹಾಸವೆಲ್ಲ ಅಳಿಸಿಹೋಗುತ್ತದೆ ಎಂದು ಹಲವರು ಹೆದರಿಸುತ್ತಾರೆ. ಭಾವನವರ ವರದಿಯಲ್ಲಿ ಆ ಖಾತೆ ಇಂದಿಗೂ ಇದೆ. ತೆರೆದ ದಿನ, ಮುಚ್ಚಿದ ದಿನ, ತಿಂಗಳು ತಿಂಗಳ ಪಾವತಿ ಎಲ್ಲವೂ ಕಾಣುತ್ತವೆ. ತಕ್ಷಣ ಕೈತಪ್ಪುವುದು ಮಿತಿ ಮಾತ್ರ. ಇತಿಹಾಸದ ನಷ್ಟ, ಆಗುವುದಾದರೆ, ಬಹಳ ನಿಧಾನಕ್ಕೆ ಆಗುವಂಥದ್ದು.

ಅಕ್ಕನ ದಾರಿಯ ಬಗ್ಗೆ ಹೇಳುವುದು ಕಡಿಮೆ. ಮಿತಿ ಉಳಿಯಿತು, ಅಂಕ ಅಲುಗಲಿಲ್ಲ, ವರ್ಷಕ್ಕೆ ₹500 ಶುಲ್ಕ ಮತ್ತು ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ ₹590 ಹೋಗುತ್ತಿದೆ. ಅಪಾಯವಿರುವುದು ಬಳಸದ ಕಾರ್ಡಿನ ಬಿಲ್ಲನ್ನು ಯಾರೂ ತೆರೆದು ನೋಡದಿರುವುದರಲ್ಲಿ. ಈ ಶುಲ್ಕವೂ ಬಾಕಿಯೇ. ಕೊನೆಯ ದಿನಾಂಕ ಕಳೆದು ಮೂರು ದಿನಗಳಾದರೂ ಕಟ್ಟದಿದ್ದರೆ ಅದು ತಡಪಾವತಿಯೆಂದು ವರದಿಗೆ ಹೋಗಬಹುದು. ಅಂಕ ಉಳಿಸಲೆಂದು ಇಟ್ಟ ಕಾರ್ಡೇ ಅಂಕಕ್ಕೆ ಕುತ್ತಾಗುವುದು ಹೀಗೆ. ಅಕ್ಕ ಉಳಿತಾಯ ಖಾತೆಯಿಂದ ತಾನಾಗಿ ಹಣ ಹೋಗುವಂತೆ ಮಾಡಿಟ್ಟಿದ್ದಾಳೆ.

ನನ್ನ ದಾರಿ ಶುಲ್ಕವನ್ನು ತಪ್ಪಿಸಿತು, ಮಿತಿಯನ್ನೂ ಉಳಿಸಿತು. ಆದರೆ ಅದರಲ್ಲಿದ್ದ ಒಂದು ತೊಡಕು ನನ್ನ ತಾಳ್ಮೆಯನ್ನು ಬಹಳ ದಿನ ಪರೀಕ್ಷಿಸಿತು. ಕಾರ್ಡಿನ ಬಗೆ ಬದಲಾದಾಗ ಕಾರ್ಡಿನ ಸಂಖ್ಯೆಯೂ ಬದಲಾಯಿತು. ಹಳೆಯ ಸಂಖ್ಯೆಗೆ ಜೋಡಿಸಿದ್ದ ಪತ್ರಿಕೆಯ ಚಂದಾದ ಮಾಸಿಕ ಕಡಿತ ಸದ್ದಿಲ್ಲದೆ ನಿಂತುಹೋಯಿತು. ಕಾರ್ಡನ್ನು ಜೀವಂತವಾಗಿಡಲು ನಾನು ನೆಚ್ಚಿಕೊಂಡಿದ್ದ ಏಕೈಕ ವ್ಯವಹಾರ ಅದಾಗಿತ್ತು.

ಇದೇಕೆ ದೊಡ್ಡ ಮಾತೆಂದರೆ, ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು ಮುಚ್ಚುವ ಕ್ರಮವನ್ನು ಬ್ಯಾಂಕೇ ಆರಂಭಿಸಬಹುದು. ಮೊದಲು ಗ್ರಾಹಕರಿಗೆ ತಿಳಿಸಬೇಕು; 30 ದಿನಗಳೊಳಗೆ ಉತ್ತರ ಬಾರದಿದ್ದರೆ, ಬಾಕಿ ಇಲ್ಲದ ಖಾತೆಯನ್ನು ಮುಚ್ಚಲಾಗುತ್ತದೆ. ನನ್ನ ಖಾತೆಯಲ್ಲಿ ಇನ್ನೂ ಮಂಗಳೂರಿನ ಬಾಡಿಗೆ ಮನೆಯ ವಿಳಾಸವಿತ್ತು. ವಿಳಾಸವನ್ನು ಕಾಸರಗೋಡಿಗೆ ಬದಲಾಯಿಸಲು ಕೇಳಿದರೆ, ಪಿನ್‌ಕೋಡು ಕೇರಳದ್ದೆಂದು ಗ್ರಾಹಕ ಸೇವೆಯವರು ಮಲಯಾಳದಲ್ಲಿ ಮಾತು ಆರಂಭಿಸುತ್ತಿದ್ದರು. ಕನ್ನಡದಲ್ಲಿ ಮಾತನಾಡುವವರು ಸಿಗುವವರೆಗೆ ಕಾಯುವುದೇ ಒಂದು ಕೆಲಸವಾಯಿತು. ಈಗ ಎರಡು ತಿಂಗಳಿಗೊಮ್ಮೆ ಬರುವ ಕೆ.ಎಸ್.ಇ.ಬಿ. ವಿದ್ಯುತ್ ಬಿಲ್ಲನ್ನು ಆ ಕಾರ್ಡಿನಿಂದ ನಾನೇ ಕಟ್ಟುತ್ತೇನೆ. ಕಾರ್ಡನ್ನು ಚಾಲ್ತಿಯಲ್ಲಿಡಲು ಅಷ್ಟು ಬಳಕೆ ಸಾಕು.

ಬದಲಾಯಿಸುವ ಮೊದಲು ಬ್ಯಾಂಕನ್ನು ಬರಹದಲ್ಲಿಯೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಹಳೆಯ ಖಾತೆಯೇ ಮುಂದುವರಿಯುತ್ತದೆಯೇ, ಅಥವಾ ಅದನ್ನು ಮುಚ್ಚಿ ಹೊಸದನ್ನು ತೆರೆಯಲಾಗುತ್ತದೆಯೇ? ಎಲ್ಲ ಬ್ಯಾಂಕುಗಳ ಪದ್ಧತಿ ಒಂದೇ ಅಲ್ಲ. ಹೊಸದಾಗಿ ತೆರೆಯುವುದಾದರೆ ಮಿತಿಯನ್ನೂ ಹೊಸದಾಗಿ ನಿರ್ಧರಿಸಬಹುದು, ಆಗ ಈ ದಾರಿಯ ಲಾಭವೇ ಹೋಗುತ್ತದೆ. ನಡೆದದ್ದೇನು ಎಂಬುದನ್ನು ಮರುತಿಂಗಳ ವರದಿಯಲ್ಲಿ ಪರಿಶೀಲಿಸಬಹುದು: ಖಾತೆ ತೆರೆದ ದಿನಾಂಕ ಹಳೆಯದೇ ಆಗಿದ್ದು, ಮಿತಿಯ ಅಂಕಿ ಮೊದಲಿನಂತೆಯೇ ಇದ್ದರೆ ಕೆಲಸ ಸರಿಯಾಗಿದೆ. ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಸಿಗುವುದರಿಂದ ಇದಕ್ಕೆ ಖರ್ಚೂ ಇಲ್ಲ.

ಎರಡು ಕಾರ್ಡುಗಳೂ ಒಂದೇ ಬ್ಯಾಂಕಿನವಾಗಿದ್ದು ಎರಡಕ್ಕೂ ಸೇರಿ ಒಂದೇ ಮಿತಿ ಇದ್ದರೆ ಲೆಕ್ಕ ಬೇರೆ. ಅಲ್ಲಿ ಒಂದನ್ನು ಮುಚ್ಚಿದರೂ ಪೂರ್ತಿ ಮಿತಿ ಇನ್ನೊಂದರಲ್ಲಿ ಉಳಿಯಬಹುದು.

ಅಡಿಕೆ ಮಾರಾಟವಾಗುವವರೆಗೆ ಖರ್ಚನ್ನೆಲ್ಲ ಕಾರ್ಡಿಗೆ ಹಾಕುವ ನನ್ನಂಥವನಿಗೆ ಕೆಲವು ತಿಂಗಳು ಬಾಕಿ ಏರಿಯೇ ಏರುತ್ತದೆ. ಆಗ ಹಳೆಯ ಮಿತಿಯ ಆಸರೆ ಬೇಕು, ಅದಕ್ಕಾಗಿ ವರ್ಷಕ್ಕೆ ₹590 ಕೊಡಲು ಮಾತ್ರ ಮನಸ್ಸಿಲ್ಲ. ತಿಂಗಳಿಗೆ ಮೂರು ನಾಲ್ಕು ಸಾವಿರ ಬಳಸುವವರು ಹಳೆಯದನ್ನು ಮುಚ್ಚಿದರೆ ಆಗುವ ವ್ಯತ್ಯಾಸ ಅತ್ಯಲ್ಪ. ಬ್ಯಾಂಕು ಶುಲ್ಕವಿಲ್ಲದ ಕಾರ್ಡು ಕೊಡಲು ಒಪ್ಪದಿದ್ದರೆ, ಮೊದಲು ಹೊಸ ಕಾರ್ಡಿನ ಮಿತಿಯನ್ನು ಏರಿಸಿಕೊಂಡು, ಸಾಲವೇನಾದರೂ ಬೇಕಿದ್ದರೆ ಅದು ಕೈಸೇರಿದ ನಂತರ ಹಳೆಯದನ್ನು ಮುಚ್ಚಿಸಬಹುದು. ಬಾಕಿ ತೀರಿಸಿ ಮನವಿ ಕೊಟ್ಟ ಮೇಲೆ ಏಳು ಕೆಲಸದ ದಿನಗಳೊಳಗೆ ಬ್ಯಾಂಕು ಕಾರ್ಡನ್ನು ಮುಚ್ಚಬೇಕು. ತಡವಾದರೆ ದಿನಕ್ಕೆ ₹500ರಂತೆ ಗ್ರಾಹಕರಿಗೆ ಕೊಡಬೇಕಾಗುತ್ತದೆ. ಆದ್ದರಿಂದ ಮನವಿಯ ದಿನಾಂಕವಿರುವ ಇಮೇಲನ್ನು ತೆಗೆದಿಟ್ಟುಕೊಳ್ಳಬೇಕು.